ಯಾರ ಮಾತಿಗೆ ಎಷ್ಟು ತೂಕ?

ವಿಡಿಯೊ ಸ್ಕ್ರಿಪ್ಟ್. ನೋಡುವವರು: 8ರಿಂದ 10ನೇ ತರಗತಿ ಮಕ್ಕಳು. ಸಮಯ: ಏಳು ನಿಮಿಷ. ಜಾಗ: ಹಾವೇರಿ ಜಿಲ್ಲೆಯ ಬ್ಯಾಡಗಿ, ಒಂದು ಮನೆಯ ಪಡಸಾಲೆ.

(ಗೋಣಿಚೀಲದ ಮೇಲೆ ಮೆಣಸಿನಕಾಯಿ ಸುರಿದಿದೆ. ಅಜ್ಜಿ ಆರಿಸುತ್ತಿದ್ದಾರೆ. ಕ್ಯಾಮೆರಾ ಅವರ ಬೆರಳ ಮೇಲೆ. ಹತ್ತು ಸೆಕೆಂಡ್ ಯಾರೂ ಮಾತಾಡುವುದಿಲ್ಲ.)

ನಿರೂಪಕ: ಅಮ್ಮಾ, ಇದು ಬ್ಯಾಡಗಿ ಕಾಯಿ, ಇದು ಗುಂಟೂರು ಅಂತ ಹೆಂಗ ಗೊತ್ತಾಕ್ಕೈತಿ?

ಅಜ್ಜಿ: ನೋಡಿದ್ರ ಗೊತ್ತಾಕ್ಕೈತಿ ತಮ್ಮಾ. ಅದರಾಗ ಏನೈತಿ?

ನಿರೂಪಕ: ಕಲಿತದ್ದು ಹೆಂಗ?

ಅಜ್ಜಿ: ಸಣ್ಣಾಕಿ ಇದ್ದಾಗ ತಪ್ಪಾಗಿ ಹಾಕಿದ್ರ ನಮ್ಮವ್ವ ಕೈಮ್ಯಾಲೆ ಒಂದು ಕೊಡ್ತಿದ್ಲು. ಕಲಿಲಾರದ ಏನ್ ಮಾಡ್ಲಿ?

ನಿರೂಪಕ (ಕ್ಯಾಮೆರಾ ಕಡೆ): ಅಜ್ಜಿಗೆ ಯಾರೂ ನಿಯಮ ಬರೆದುಕೊಡಲಿಲ್ಲ. ಕಾಯಿ ಕೈಗೆ ಬಂತು, ಒಂದು ಉತ್ತರ ಹೇಳಿದರು, ತಪ್ಪಾದರೆ ಏಟು ಬಿತ್ತು. ಉದಾಹರಣೆ ನೋಡಿ ನೋಡಿ ಕಲಿಯುವ ಒಂದು ಬಗೆಯ ಕಂಪ್ಯೂಟರ್ ಪ್ರೋಗ್ರಾಂ ಇದೆ, ಅದರ ಹೆಸರು ನ್ಯೂರಲ್ ನೆಟ್‌ವರ್ಕ್. ಅದು ಕಲಿಯುವುದೂ ಹೀಗೇ. ಏಟಿನ ಬದಲು ಅಲ್ಲಿ ಏನಿರುತ್ತದೆ ಅನ್ನೋದನ್ನ ಈಗ ಕೈಯಲ್ಲೇ ಮಾಡಿ ನೋಡೋಣ. ಲೆಕ್ಕ ಅಂತ ಹೆದರಬೇಡಿ. ಕೂಡಿಸಲು, ಕಳೆಯಲು ಬಂದರೆ ಸಾಕು.

(ಹುಡುಗಿ ತಕ್ಕಡಿ ತರುತ್ತಾಳೆ. ಪಕ್ಕದಲ್ಲಿ ಒಂದು ಬುಟ್ಟಿ ಸಣ್ಣ ಕಲ್ಲು. ಅವಳ ಮೂವರು ಗೆಳತಿಯರು ಕಟ್ಟೆ ಮೇಲೆ ಕೂರುತ್ತಾರೆ.)

ನಿರೂಪಕ: ಎಡಗಡೆ ತಟ್ಟೆ ಬ್ಯಾಡಗಿ, ಬಲಗಡೆ ತಟ್ಟೆ ಗುಂಟೂರು. ಮೊದಲನೆಯವಳು ಬಣ್ಣ ಮಾತ್ರ ನೋಡುತ್ತಾಳೆ. ಎರಡನೆಯವಳು ಸುಕ್ಕು ಮಾತ್ರ. ಮೂರನೆಯವಳು ಉದ್ದ ಮಾತ್ರ. ತನಗೆ ಯಾವುದು ಅನ್ನಿಸುತ್ತದೋ ಆ ತಟ್ಟೆಗೆ ಅವರವರ ಕಲ್ಲು ಹಾಕಬೇಕು. ಯಾವ ತಟ್ಟೆ ಕೆಳಗೆ ಹೋಯಿತೋ ಅದೇ ಉತ್ತರ.

ಹುಡುಗಿ: ಯಾರಿಗೆ ಎಷ್ಟು ಕಲ್ಲು ಕೊಡ್ಲಿ ಸರ?

ನಿರೂಪಕ: ಸುಮ್ನೆ ಮನಸ್ಸಿಗೆ ಬಂದ ಹಾಗೆ ಕೊಡು. ಶುರುವಿನಲ್ಲಿ ನೆಟ್‌ವರ್ಕಿಗೂ ಏನೂ ಗೊತ್ತಿರುವುದಿಲ್ಲ.

(ಬಣ್ಣದವಳಿಗೆ 9, ಸುಕ್ಕಿನವಳಿಗೆ 1, ಉದ್ದದವಳಿಗೆ 4. ನಿರೂಪಕ ಒಂದು ಗುಂಟೂರು ಕಾಯಿ ಎತ್ತಿ ತೋರಿಸುತ್ತಾನೆ.)

ನಿರೂಪಕ: ಕೆಂಪಗಿದೆ. ಬಣ್ಣದವಳು ಬ್ಯಾಡಗಿ ಅಂದಳು, ಒಂಬತ್ತೂ ಕಲ್ಲು ಎಡಕ್ಕೆ. ಸಿಪ್ಪೆ ನುಣ್ಣಗಿದೆ, ಸುಕ್ಕಿಲ್ಲ. ಸುಕ್ಕಿನವಳು ಗುಂಟೂರು ಅಂದಳು, ಪಾಪ, ಅವಳ ಹತ್ತಿರ ಇರುವುದು ಒಂದೇ ಕಲ್ಲು. ಉದ್ದದವಳೂ ಗುಂಟೂರು ಅಂದಳು. ಒಂಬತ್ತಕ್ಕೆ ಐದು. ಉತ್ತರ ಬ್ಯಾಡಗಿ.

ಅಜ್ಜಿ: ತಪ್ಪು!

ನಿರೂಪಕ: ಏಟು ಬಿತ್ತು ನೋಡಿ. ಈಗ ತಪ್ಪು ಹೇಳಿದವಳಿಂದ ಒಂದು ಕಲ್ಲು ತೆಗಿ. ಸರಿ ಹೇಳಿದ ಇಬ್ಬರಿಗೂ ಒಂದೊಂದು ಕೊಡು. ಎಂಟಕ್ಕೆ ಏಳು. ಇನ್ನೂ ತಪ್ಪೇ. ಅದೇ ಕಾಯಿಗೆ ಮತ್ತೊಮ್ಮೆ. ಏಳಕ್ಕೆ ಒಂಬತ್ತು.

(ಬಲಗಡೆ ತಟ್ಟೆ ಕೆಳಗಿಳಿಯುತ್ತದೆ. ಹುಡುಗಿಯರು ಚಪ್ಪಾಳೆ ತಟ್ಟುತ್ತಾರೆ.)

ನಿರೂಪಕ: ಊರಲ್ಲಿ 'ಅವರ ಮಾತಿಗೆ ತೂಕ ಇದೆ' ಅಂತೀವಲ್ವಾ? ಈ ಕಲ್ಲುಗಳೇ ಆ ತೂಕ. ಕಂಪ್ಯೂಟರ್‌ನವರೂ ಇದಕ್ಕೆ ವೇಟ್ ಅಂತಲೇ ಅನ್ನುತ್ತಾರೆ. ಕಲಿಯುವುದು ಅಂದರೆ ಯಾರ ಮಾತಿಗೆ ಎಷ್ಟು ತೂಕ ಅಂತ ತಿದ್ದಿಕೊಳ್ಳುತ್ತಾ ಹೋಗುವುದು, ಅಷ್ಟೇ. 2012ರಲ್ಲಿ ಫೋಟೋ ಗುರುತಿಸುವ ಸ್ಪರ್ಧೆ ಗೆದ್ದ ಅಲೆಕ್ಸ್‌ನೆಟ್ ಅನ್ನುವ ನೆಟ್‌ವರ್ಕಿನಲ್ಲಿ ಇಂಥ ತೂಕಗಳು ಸುಮಾರು 6 ಕೋಟಿ ಇದ್ದವು. ಸುಮಾರು 12 ಲಕ್ಷ ಫೋಟೋ ತೋರಿಸಿ ಅವನ್ನು ತಿದ್ದಿದರು.

ಹುಡುಗಿ: ಸರ, ಒಂದೊಂದೇ ಕಲ್ಲು ಯಾಕ? ಐದು ತೆಗೆದ್ರ ಜಲ್ದಿ ಮುಗೀತಿತ್ತಲ್ಲ?

ನಿರೂಪಕ: ಈ ಕಾಯಿಗೆ ಮುಗಿಯುತ್ತಿತ್ತು. ಮುಂದಿನ ಕಾಯಿಗೆ ಕೆಡುತ್ತಿತ್ತು. ಗದಗಿನ ಕಪ್ಪತಗುಡ್ಡ ಹತ್ತಿದ್ದೀಯಾ? ಮೇಲೆ ನಿಂತಾಗ ದಟ್ಟ ಮಂಜು ಕವಿಯಿತು ಅಂದುಕೋ. ಒಂದು ಮಾರು ಆಚೆಗೆ ಏನೂ ಕಾಣುತ್ತಿಲ್ಲ. ಹೇಗೆ ಇಳಿತೀಯಾ? ಕಾಲಲ್ಲಿ ತಡವಿ, ಇಳಿಜಾರು ಯಾವ ಕಡೆ ಅಂತ ನೋಡಿ, ಆ ಕಡೆ ಒಂದು ಹೆಜ್ಜೆ. ಮತ್ತೆ ತಡವು, ಮತ್ತೊಂದು ಹೆಜ್ಜೆ. ಎಷ್ಟು ತಪ್ಪಾಗುತ್ತಿದೆ ಅನ್ನೋದೇ ಗುಡ್ಡದ ಎತ್ತರ. ದೊಡ್ಡ ಜಿಗಿತ ಹಾಕಿದರೆ ತಗ್ಗು ದಾಟಿ ಎದುರಿನ ಏರಿಗೆ ಹೋಗಿ ಬೀಳ್ತೀಯಾ. ತೀರಾ ಸಣ್ಣ ಹೆಜ್ಜೆ ಇಟ್ಟರೆ ದೀಪಾವಳಿಗೂ ಕೆಳಗೆ ಬರಲ್ಲ.

(ತೆರೆಯ ಮೇಲೆ ಚಿತ್ರ: ಕಟ್ಟೆಯ ಮೂವರ ಹಿಂದೆ ಇನ್ನೊಂದು ಸಾಲು, ಅದರ ಹಿಂದೆ ಮತ್ತೊಂದು.)

ನಿರೂಪಕ: ಇಲ್ಲಿ ನಾನು ನಿಮಗೊಂದು ಸುಳ್ಳು ಹೇಳಿದ್ದೇನೆ. 'ನೀನು ಸುಕ್ಕು ನೋಡು' ಅಂತ ನೆಟ್‌ವರ್ಕಿಗೆ ಯಾರೂ ಕೆಲಸ ಹಂಚಿಕೊಡುವುದಿಲ್ಲ. ಎಲ್ಲಕ್ಕಿಂತ ಹಿಂದಿನ ಸಾಲಿಗೆ ಕಾಣುವುದು ಫೋಟೋದ ಚುಕ್ಕೆಗಳು ಮಾತ್ರ: ಇಲ್ಲಿ ಕೆಂಪು, ಅಲ್ಲಿ ಕಪ್ಪು. ಅವರು ತಮಗೆ ಕಂಡದ್ದನ್ನು ಮುಂದಿನ ಸಾಲಿಗೆ ದಾಟಿಸುತ್ತಾರೆ. ಆ ಸಾಲಿನವರು ಎಲ್ಲ ಸೇರಿಸಿ ಒಂದು ಗೆರೆ ಇದೆ ಅನ್ನಬಹುದು. ಅದರ ಮುಂದಿನವರಿಗೆ ಗೆರೆಗಳು ಸೇರಿ ಸುಕ್ಕಾಗಬಹುದು.

ಹುಡುಗಿ: ಹಂಗಾದ್ರ ತಪ್ಪಾದಾಗ ಯಾರನ್ನ ಹಿಡಿಯೋದು? ಸಾಲಿನ್ಯಾಗ ಅಷ್ಟು ಮಂದಿ ಅದಾರ.

ನಿರೂಪಕ: ಒಳ್ಳೇ ಪ್ರಶ್ನೆ. ಇದಕ್ಕೇ ವಿಜ್ಞಾನಿಗಳು ವರ್ಷಗಟ್ಟಲೆ ಒದ್ದಾಡಿದರು. ಮದುವೆ ಊಟದ ಸಾರಿನಲ್ಲಿ ಉಪ್ಪು ಜಾಸ್ತಿ ಆಯ್ತು ಅಂದುಕೋ. ಬೀಗರು ಬಡಿಸಿದವನನ್ನು ಕೇಳುತ್ತಾರೆ. ಅವನು ಅಡುಗೆಯವರ ಕಡೆ ಕೈ ತೋರಿಸುತ್ತಾನೆ. ಅಡುಗೆಯವರು ಉಪ್ಪು ಹಾಕಿದ ಇಬ್ಬರನ್ನು ಕರೆಯುತ್ತಾರೆ. ಒಂದು ಹಿಡಿ ಹಾಕಿದವನಿಗೆ ಜಾಸ್ತಿ ಬೈಗುಳ, ಒಂದು ಚಿಟಿಕೆ ಹಾಕಿದವನಿಗೆ ಕಡಿಮೆ. ಹೀಗೆ ತಪ್ಪಿನ ಪಾಲು ಮುಂದಿನಿಂದ ಹಿಂದಿನ ಸಾಲಿಗೆ ಹಂಚುತ್ತಾ ಹೋಗುವುದಕ್ಕೆ ಬ್ಯಾಕ್‌ಪ್ರೊಪಗೇಶನ್ ಅಂತ ಹೆಸರು. 1986ರಲ್ಲಿ ರೂಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಬರೆದ ಲೇಖನದಿಂದ ಅದು ಹೆಸರಾಯಿತು. ಅದೇ ಹಿಂಟನ್ 2024ರಲ್ಲಿ ಹಾಪ್‌ಫೀಲ್ಡ್ ಅವರ ಜೊತೆ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡರು. ಮದುವೆ ಮನೆಗೂ ನೆಟ್‌ವರ್ಕಿಗೂ ಒಂದೇ ವ್ಯತ್ಯಾಸ: ನೆಟ್‌ವರ್ಕಿನಲ್ಲಿ ಯಾರೂ ಮುನಿಸಿಕೊಳ್ಳುವುದಿಲ್ಲ.

(ನಿರೂಪಕ ಲ್ಯಾಪ್‌ಟಾಪ್ ತೆರೆಯುತ್ತಾನೆ.)

ನಿರೂಪಕ: ನಾನೂ ಒಂದು ಪುಟ್ಟ ನೆಟ್‌ವರ್ಕ್ ಮಾಡಿದೆ. ಈ ಮನೆಯಲ್ಲೇ ಇನ್ನೂರು ಫೋಟೋ ತೆಗೆದು ಕಲಿಸಿದೆ. ಒಂದೂ ತಪ್ಪಿಲ್ಲ, ಎಲ್ಲ ಸರಿ. ಖುಷಿಯಾಗಿ ಅಜ್ಜಿಗೆ ತೋರಿಸೋಕೆ ಬಂದೆ. ಅಜ್ಜಿ ಒಂದು ಗುಂಟೂರು ಕಾಯಿ ಎತ್ತಿ ಈ ಗೋಣಿಚೀಲದ ಮೇಲೆ ಇಟ್ಟರು. ಫೋಟೋ ತೆಗೆದೆ. 'ಬ್ಯಾಡಗಿ' ಅಂತು. ಇನ್ನೊಂದು ಇಟ್ಟರು. ಮತ್ತೆ 'ಬ್ಯಾಡಗಿ'.

ಹುಡುಗಿ: ಯಾಕ?

ನಿರೂಪಕ: ಬ್ಯಾಡಗಿ ಕಾಯಿಯ ಫೋಟೋ ಎಲ್ಲ ಗೋಣಿಚೀಲದ ಮೇಲೆ ತೆಗೆದಿದ್ದೆ, ಗುಂಟೂರಿನದ್ದೆಲ್ಲ ನೀಲಿ ತಾಡಪತ್ರಿ ಮೇಲೆ. ಅದು ಕಾಯಿ ನೋಡಿಯೇ ಇರಲಿಲ್ಲ, ಚೀಲ ನೋಡಿ ಉತ್ತರ ಹೇಳುತ್ತಿತ್ತು! ಪರೀಕ್ಷೆಗೆ ಗೈಡ್ ಬಾಯಿಪಾಠ ಮಾಡಿದವನಿಗೆ ಪ್ರಶ್ನೆ ತಿರುಚಿ ಕೇಳಿದ ಹಾಗಾಯಿತು. ಅದಕ್ಕೇ ಕಲಿಸುವಾಗ ಒಂದಷ್ಟು ಫೋಟೋ ಬಚ್ಚಿಟ್ಟು, ಕೊನೆಗೆ ಅವುಗಳಿಂದಲೇ ಪರೀಕ್ಷೆ ಮಾಡಬೇಕು. ಬಚ್ಚಿಟ್ಟದ್ದೂ ಅದೇ ಚೀಲದ ಮೇಲಿನ ಫೋಟೋ ಆಗಿದ್ದರೆ ಅದೂ ದಂಡ. ನಾನು ಅಂಗಳ, ಮೊರ, ಅಂಗೈ ಅಂತ ಎಲ್ಲೆಲ್ಲೋ ಇಟ್ಟು ಮತ್ತೆ ಫೋಟೋ ತೆಗೆದೆ. ಎರಡು ದಿನ ಹಿಡಿಯಿತು. ಕೈ ಉರಿ ಬೇರೆ.

(ಹುಡುಗಿ ಒಳಗೆ ಓಡಿ ಹೋಗಿ ಒಂದು ಬದನೆಕಾಯಿ ತಂದು ಕ್ಯಾಮೆರಾ ಮುಂದೆ ಹಿಡಿಯುತ್ತಾಳೆ. ಲ್ಯಾಪ್‌ಟಾಪ್ ತೆರೆಯಲ್ಲಿ: 'ಗುಂಟೂರು, ನೂರಕ್ಕೆ 94'. ಅಜ್ಜಿ ಸೆರಗು ಬಾಯಿಗಿಟ್ಟು ನಗುತ್ತಾರೆ.)

ನಿರೂಪಕ: ಅದಕ್ಕೆ ಗೊತ್ತಿರುವುದು ಎರಡೇ ತಟ್ಟೆ. 'ನನಗೆ ಗೊತ್ತಿಲ್ಲ' ಅನ್ನೋಕೆ ಮೂರನೇ ತಟ್ಟೆ ನಾನು ಇಟ್ಟೇ ಇಲ್ಲ.

ಹುಡುಗಿ: ಹಂಗಾದ್ರ ಬದನೆಕಾಯಿ ಫೋಟೋ ಎಷ್ಟು ಬೇಕು ಸರ? ಹಿತ್ತಲದಾಗ ರಗಡ ಅದಾವ.

(ಎಲ್ಲರೂ ಹಿತ್ತಲಿನ ಕಡೆ ಹೋಗುತ್ತಾರೆ. ಕ್ಯಾಮೆರಾ ಮತ್ತೆ ಅಜ್ಜಿಯ ಬೆರಳ ಮೇಲೆ.)