ಹತ್ತನೇ ತಾರೀಖು

ಸಾಲಮನ್ನಾದ ಆದೇಶ ರಾಘವನ ಕೈಗೆ ಬಂದದ್ದು ಸೊಸೈಟಿಯ ಗುಮಾಸ್ತನಿಂದ. ಝೆರಾಕ್ಸ್ ಪ್ರತಿ, ಅಕ್ಷರ ಅಲ್ಲಲ್ಲಿ ಮಸುಕು. "ನಿಮ್ಮ ಕೇರಿಯವರಿಗೆಲ್ಲ ನೀನೇ ಓದಿ ಹೇಳು ಮಾರಾಯಾ. ದಿನಾ ನೂರು ಜನ ಬಂದು ಅದನ್ನೇ ಕೇಳ್ತಾರೆ" ಎಂದು ಗುಮಾಸ್ತ ಕೈಮುಗಿದಿದ್ದ.

2018ರ ಆಗಸ್ಟ್. ಶಿರಸಿಯ ಸುತ್ತ ಮಳೆ ನಿಂತಿರಲಿಲ್ಲ. ಅಡಿಕೆಗೆ ಎರಡನೇ ಸಲ ಬೋರ್ಡೋ ಮದ್ದು ಹೊಡೆಯಬೇಕಿತ್ತು. ಹೊಡೆಯಲು ಬಿಸಿಲು ಬೇಕು, ಕೊನೆಗಾರ ಬೇಕು. ಎರಡೂ ಒಟ್ಟಿಗೆ ಸಿಗುತ್ತಿರಲಿಲ್ಲ. ಮರದ ಬುಡದಲ್ಲಿ ಕೊಳೆ ಹಿಡಿದ ಕಾಯಿ ಉದುರಿ ಬಿದ್ದಿತ್ತು. ಇಂಥ ಹೊತ್ತಿನಲ್ಲಿ ಸಾಲಮನ್ನಾದ ಸುದ್ದಿ ಯಾರಿಗೆ ಬೇಡ? ಪೇಪರಿನಲ್ಲಿ ದೊಡ್ಡ ಅಕ್ಷರದಲ್ಲಿ ಬಂದಿತ್ತು, ಟೀವಿಯಲ್ಲಿ ಬಂದಿತ್ತು. ಸಹಕಾರಿ ಸಂಘದ ಬೆಳೆಸಾಲ ಒಂದು ಲಕ್ಷದವರೆಗೆ ಮನ್ನಾ. ಹೋದ ವರ್ಷ 50,000 ಮನ್ನಾ ಆಗಿತ್ತು. ಈ ಸಲ ಅದರ ಎರಡು ಪಟ್ಟು. ಕೇರಿಯಲ್ಲಿ ಎಲ್ಲರೂ ಲೆಕ್ಕ ಹಾಕಿಯಾಗಿತ್ತು.

ರಾಘವ ಶಿರಸಿಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಕಾಗದವನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದುವುದು ಅವನಿಗೆ ಅಭ್ಯಾಸ. ರಾತ್ರಿ ಊಟ ಮುಗಿಸಿ ದೀಪದ ಕೆಳಗೆ ಕೂತು ಓದಿದ. ಮೊದಲ ಪುಟದಲ್ಲಿ ಹಿಂದಿನ ಆದೇಶಗಳ ಉಲ್ಲೇಖ, ಬಜೆಟ್ ಭಾಷಣದ ಮಾತು. ಬೇಕಾದದ್ದು ಅದರ ನಂತರ ಇತ್ತು. 10-7-2018ಕ್ಕೆ ಹೊರಬಾಕಿ ಇರುವ ಅಲ್ಪಾವಧಿ ಬೆಳೆಸಾಲ. ಒಂದು ಕುಟುಂಬಕ್ಕೆ ಒಂದು ಲಕ್ಷ ಮಾತ್ರ.

ಅವನು ಎದ್ದು ಹೋಗಿ ಕಪಾಟಿನಿಂದ ಅಪ್ಪನ ಪಾಸ್‌ಬುಕ್ ತಂದ.

ಅಪ್ಪ ಸಾಲ ಬಾಕಿ ಇಟ್ಟವರಲ್ಲ. ಗಡುವಿನ ಒಳಗೆ ಕಟ್ಟಿದರೆ ಬೆಳೆಸಾಲಕ್ಕೆ ಬಡ್ಡಿ ಇಲ್ಲ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಜೂನ್ 28ಕ್ಕೆ 95,000 ಪೂರ್ತಿ ಕಟ್ಟಿದ್ದರು. ದರ ಏರಲಿ ಎಂದು ಇಟ್ಟಿದ್ದ ಚಾಲಿ ಅಡಿಕೆಯನ್ನು ಅದಕ್ಕಾಗಿಯೇ ಕೊಟ್ಟಿದ್ದರು. ಹೊಸ ಸಾಲಕ್ಕೆ ಅವತ್ತೇ ಅರ್ಜಿ ಹಾಕಿದ್ದರು. "ಮೇಲಿಂದ ದುಡ್ಡು ಬಂದಿಲ್ಲ, ಮುಂದಿನ ವಾರ ಬನ್ನಿ" ಎಂದಿದ್ದರು ಸೊಸೈಟಿಯಲ್ಲಿ. ಮುಂದಿನ ವಾರವೂ ಹಾಗೇ ಆಯಿತು. ಪಾಸ್‌ಬುಕ್ಕಿನಲ್ಲಿ ಹೊಸ ಸಾಲ ಬಿದ್ದ ತಾರೀಖು ಜುಲೈ 12.

ಹತ್ತನೇ ತಾರೀಖಿಗೆ ಅಪ್ಪನ ಲೆಕ್ಕದಲ್ಲಿ ಸಾಲವೇ ಇರಲಿಲ್ಲ.

ಅರ್ಜಿ ಹಾಕಿದ ದಿನವನ್ನು ಪರಿಗಣಿಸುವುದಾಗಿ ಎಲ್ಲಾದರೂ ಇದೆಯೋ ಎಂದು ರಾಘವ ಆದೇಶವನ್ನು ಮತ್ತೆ ಓದಿದ. ಇರಲಿಲ್ಲ. ಆವತ್ತು ಖಾತೆಯಲ್ಲಿ ಬಾಕಿ ಎಷ್ಟಿತ್ತು, ಅಷ್ಟೇ ಕೇಳಿದ್ದರು. ಆಯಿ ಒಳಗಿನಿಂದ "ಮಲಗೋದಿಲ್ಲವೇನೋ?" ಎಂದು ಕರೆದಳು. ಅವನು ಪಾಸ್‌ಬುಕ್ ಮಡಚಿ ಇಟ್ಟ.

ಮರುದಿನ ಭಾನುವಾರ. ಬೆಳಿಗ್ಗೆ ತಿಂಡಿ ಮುಗಿಯುವುದರೊಳಗೆ ಜಗುಲಿ ತುಂಬಿತು. ತಿಮ್ಮಣ್ಣ, ಅವನ ತಮ್ಮ ಸುಬ್ರಾಯ, ನಿವೃತ್ತ ಮೇಷ್ಟ್ರು ಗಣಪಣ್ಣ, ಕೆಳಗಿನ ಮನೆಯ ಕಮಲಕ್ಕ, ಇನ್ನೂ ಆರೇಳು ಮಂದಿ. ಕಂಬಳಿಕೊಪ್ಪೆಗಳು ಮೂಲೆಯಲ್ಲಿ ನೀರು ಸುರಿಸುತ್ತಿದ್ದವು. ಆಯಿ ಚಹಾ ತಂದಿಟ್ಟಳು. ಅಪ್ಪ ಕವಳದ ಬಟ್ಟಲನ್ನು ಮುಂದೆ ಸರಿಸಿ ಗೋಡೆಗೆ ಒರಗಿ ಕೂತರು.

"ಹೇಳು ತಮಾ, ಯಾವಾಗ ಬರ್ತದೆ ದುಡ್ಡು?" ಎಂದ ತಿಮ್ಮಣ್ಣ.

"ದುಡ್ಡು ಕೈಗೆ ಬರೋದಿಲ್ಲ ತಿಮ್ಮಣ್ಣ. ಸಾಲದ ಖಾತೆಗೆ ಜಮಾ ಆಗ್ತದೆ. ಅದೂ ತಕ್ಷಣ ಅಲ್ಲ. ಮೊದಲು ಯಾರಿಗೆ ಸಿಗ್ತದೆ ನೋಡೋಣ. ನಿಂದು ಯಾವಾಗ ತೆಗೆದದ್ದು?"

"ಏಪ್ರಿಲ್. 80,000."

"ಬೆಳೆಸಾಲ ಅಲ್ವಾ? ಹಾಗಾದ್ರೆ ನಿಂಗೆ ಸಿಗಬೇಕು. ಆಧಾರ್, ರೇಷನ್ ಕಾರ್ಡ್, ಪಹಣಿ ತಗೊಂಡು ಹೋಗಿ ಸ್ವಯಂ ದೃಢೀಕರಣ ಪತ್ರ ಬರೆದುಕೊಡು."

ತಿಮ್ಮಣ್ಣನ ಮುಖ ಅರಳಿತು. ಸುಬ್ರಾಯ ಮುಂದೆ ಬಂದ. "ನಂದೂ ಏಪ್ರಿಲ್. 70,000."

ರಾಘವ ಸ್ವಲ್ಪ ಹೊತ್ತು ಸುಮ್ಮನಿದ್ದ. "ನಿಮ್ಮಿಬ್ಬರ ರೇಷನ್ ಕಾರ್ಡ್ ಬೇರೆಯಾಯ್ತಾ?"

"ಇಲ್ಲ. ಅಡುಗೆ ಬೇರೆಯಾಗಿ ನಾಲ್ಕು ವರ್ಷ ಆಯ್ತು. ಕಾರ್ಡ್ ಅಪ್ಪನ ಕಾಲದ್ದೇ."

"ಕಾರ್ಡ್ ಒಂದೇ ಆದ್ರೆ ಕುಟುಂಬವೂ ಒಂದೇ ಅಂತ ಹಿಡೀತಾರೆ. ಇಬ್ಬರದ್ದೂ ಸೇರಿ 1,50,000. ಮನ್ನಾ ಒಂದು ಲಕ್ಷ ಮಾತ್ರ."

ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ಬೇಲಿಯ ವಿಷಯದಲ್ಲಿ ಅವರಿಬ್ಬರಿಗೆ ಮಾತು ನಿಂತು ವರ್ಷವಾಗಿತ್ತು. ಈಗ ಐವತ್ತು ಸಾವಿರ ಯಾರ ಪಾಲಿಗೆ ಉಳಿಯಬೇಕು ಎಂದು ಮಾತಾಡಲೇಬೇಕಾಗಿತ್ತು.

"ಮೊದಲು ಸೊಸೈಟಿಯಲ್ಲಿ ಕೇಳಿ. ನಾನೂ ಬರ್ತೇನೆ" ಎಂದ ರಾಘವ. "ಆದ್ರೆ ಮನ್ನಾ ಆಗದೆ ಉಳಿಯೋ ಭಾಗವನ್ನು ಗಡುವಿನೊಳಗೆ ಕಟ್ಟಬೇಕು. ಅದು ಇಬ್ಬರಿಗೂ ನೆನಪಿರಲಿ."

ಗಣಪಣ್ಣ ಮೇಷ್ಟ್ರು ಕೈ ಚಾಚಿದರು. "ಇಲ್ಲಿ ಕೊಡು, ನಾನೂ ಓದ್ತೇನೆ."

ರಾಘವನಿಗೆ ಅದು ಬೇಡವಾಗಿತ್ತು. ಆದರೂ ಕೊಟ್ಟ. ಮೇಷ್ಟ್ರು ಕನ್ನಡಕ ಏರಿಸಿ ಶಾಲೆಯಲ್ಲಿ ಓದುತ್ತಿದ್ದ ಹಾಗೆಯೇ ದೊಡ್ಡ ದನಿಯಲ್ಲಿ ಓದಿದರು. ಯಾವ ರೈತರಿಗೆ ಇದು ಅನ್ವಯಿಸುವುದಿಲ್ಲ ಎನ್ನುವ ಭಾಗಕ್ಕೆ ಬಂದರು. ಸರ್ಕಾರಿ, ಸಹಕಾರಿ ಮತ್ತು ಬೇರೆ ಕ್ಷೇತ್ರದ ನೌಕರರಾಗಿದ್ದು ತಿಂಗಳಿಗೆ 20,000 ರೂಪಾಯಿಗಿಂತ ಹೆಚ್ಚು ವೇತನ ಅಥವಾ ಪಿಂಚಣಿ ಪಡೆಯುವವರು. ಹಿಂದಿನ 3 ವರ್ಷಗಳಲ್ಲಿ ಒಂದು ವರ್ಷವಾದರೂ ಆದಾಯ ತೆರಿಗೆ ಕಟ್ಟಿದವರು. ಮೇಷ್ಟ್ರ ದನಿ ಅಲ್ಲಿ ತುಸು ಇಳಿಯಿತು. ನಿಲ್ಲಲಿಲ್ಲ. ಆ ಸಾಲನ್ನು ಪೂರ್ತಿ ಓದಿದರು.

"ನನಗಿಲ್ಲ" ಎಂದರು. "ಪಿಂಚಣಿ ಇಪ್ಪತ್ತು ಸಾವಿರ ದಾಟ್ತದೆ."

"ಪಿಂಚಣಿ ಬರೋದು ಬೇರೆ ಬ್ಯಾಂಕಿಗೆ ಅಲ್ವಾ ಮೇಷ್ಟ್ರೇ? ಸೊಸೈಟಿಯವರಿಗೆ ಹೇಗೆ ಗೊತ್ತಾಗ್ತದೆ?" ಎಂದಿತು ಹಿಂದಿನಿಂದ ಯಾರದೋ ದನಿ.

"ಸಹಿ ಹಾಕಬೇಕಾದವ ನಾನು. ನನಗೆ ಗೊತ್ತಲ್ಲ" ಎಂದು ಮೇಷ್ಟ್ರು ಮುಂದಕ್ಕೆ ಓದಿದರು. ಚಿನ್ನಾಭರಣದ ಮೇಲಿನ ಸಾಲ, ವಾಹನ ಸಾಲ, ಮೀನುಗಾರಿಕೆ ಸಾಲ, ಸ್ವಸಹಾಯ ಗುಂಪಿನ ಸಾಲ, ಜಂಟಿ ಬಾಧ್ಯತಾ ಗುಂಪಿನ ಸಾಲ. ಇವು ಯಾವುದಕ್ಕೂ ಮನ್ನಾ ಇಲ್ಲ.

ಕಮಲಕ್ಕ ಬಾಗಿಲ ಬಳಿ ನಿಂತಿದ್ದಳು. "ಚಿನ್ನದ್ದೂ ಇಲ್ಲವಾ?" ಎಂದು ಕೇಳಿದಳು.

"ಇಲ್ಲ ಕಮಲಕ್ಕ."

"ಆ ದುಡ್ಡು ನಾನು ಸೀರೆಗೆ ಹಾಕಲಿಲ್ಲ ತಮಾ. ಗೊಬ್ಬರಕ್ಕೆ, ಸುಣ್ಣ ಮೈಲುತುತ್ತಕ್ಕೆ, ಕೊನೆಗಾರನ ಕೂಲಿಗೆ ಹಾಕಿದ್ದು. ಎಲ್ಲ ತೋಟಕ್ಕೇ ಹೋಯ್ತು. ಅದು ಬೆಳೆಸಾಲ ಅಲ್ಲವಾ?"

ಯಾರೂ ಉತ್ತರ ಕೊಡಲಿಲ್ಲ. ಕಮಲಕ್ಕನ ಗಂಡ ತೀರಿಕೊಂಡು ಆರು ವರ್ಷ. ಅರ್ಧ ಎಕರೆ ತೋಟವನ್ನು ಅವಳೇ ನೋಡಿಕೊಳ್ಳುತ್ತಾಳೆ. ಗೊಬ್ಬರ ಹೊರುತ್ತಾಳೆ, ಬಿದ್ದ ಕಾಯಿ ಹೆಕ್ಕುತ್ತಾಳೆ, ಅಡಿಕೆ ಸುಲಿಯುತ್ತಾಳೆ. ಆದರೆ ಪಹಣಿಯಲ್ಲಿ ಇನ್ನೂ ಮಾವನ ಹೆಸರಿದೆ. ಮಾವ ಹೋಗಿ ಹನ್ನೆರಡು ವರ್ಷ. ಜಮೀನು ಅವಳ ಹೆಸರಿನಲ್ಲಿಲ್ಲ ಎಂದು ಬೆಳೆಸಾಲ ಕೊಡಲಿಲ್ಲ. ಅದಕ್ಕೇ ಬಳೆ ಅಡವಿಟ್ಟಳು. ಅಲ್ಲಿ ಸಾಲ ಕೊಡದಿದ್ದದ್ದರಿಂದಲೇ ಇಲ್ಲಿ ಮನ್ನಾ ಇಲ್ಲ. ರಾಘವನಿಗೆ ರಾತ್ರಿ ಓದುವಾಗ ಇದು ಹೊಳೆದಿರಲಿಲ್ಲ. ಕಾಗದದಲ್ಲಿ ಅದು ಬರೀ ಒಂದು ಸಾಲಾಗಿತ್ತು. ಈಗ ಅದು ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳುತ್ತಿತ್ತು.

"ನಮ್ಮನೆಯದ್ದು ಹೇಳಲೇ ಇಲ್ಲವಲ್ಲೋ?" ಎಂದರು ಅಪ್ಪ.

ಜಗುಲಿ ಅವನ ಕಡೆ ತಿರುಗಿತು.

"ನಮಗೆ ಸಿಗೋದಿಲ್ಲ ಅಪ್ಪಾ. ಹಳೇದನ್ನು ಜೂನ್‌ನಲ್ಲಿ ಕಟ್ಟಿದ್ದೀರಿ. ಹೊಸದು ಬಿದ್ದದ್ದು ಜುಲೈ ಹನ್ನೆರಡಕ್ಕೆ."

"ಎರಡು ದಿನ" ಎಂದ ತಿಮ್ಮಣ್ಣ. "ಬರೀ ಎರಡು ದಿನ. ಕಟ್ಟದೇ ಸುಮ್ನೆ ಇದ್ದಿದ್ರೆ ಆಗ್ತಿತ್ತು ನೋಡು. ಸರಿಯಾಗಿ ಕಟ್ಟಿದವನಿಗೇ ಇಲ್ಲ!"

ಅಪ್ಪ ಅಡಿಕೆ ಹೋಳನ್ನು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಜಗಿದರು. ಅವರಿಗೆ ಬೇಜಾರಾಗಿರಲಿಲ್ಲ ಎಂದರೆ ಸುಳ್ಳು. ಕೈ ಸುಮ್ಮನೆ ಸುಣ್ಣದ ಡಬ್ಬಿಯ ಮುಚ್ಚಳ ತೆಗೆದು ಹಾಕುತ್ತಿತ್ತು.

"ತಾರೀಖು ತಿದ್ದಿಸೋಕೆ ಆಗ್ತದಾ ಅಂತ ನಾಳೆ ಯಾರೂ ಸೊಸೈಟಿಯಲ್ಲಿ ನನ್ನ ಪರವಾಗಿ ಕೇಳಬೇಡಿ" ಎಂದರು ಕೊನೆಗೆ. "ಆ ಗುಮಾಸ್ತನ ನೌಕರಿ ಹೋಗ್ತದೆ. ಆದ್ರೆ ಅರ್ಜಿ ಕೊಟ್ಟ ದಿನ, ದುಡ್ಡು ಕೊಟ್ಟ ದಿನ ಎರಡನ್ನೂ ಬರೆದು ಒಂದು ಮನವಿ ಕೊಡು ರಾಘು. ತಡ ಆದದ್ದು ನಮ್ಮಿಂದ ಅಲ್ಲ. ಹೀಗೆ ತಪ್ಪಿಹೋದವರು ಬೇರೆಯವರೂ ಇರಬಹುದು. ಅವರನ್ನೂ ಸೇರಿಸ್ಕೋ."

"ಬರೀತೇನೆ."

"ಸಿಗ್ತದೆ ಅಂತ ಕಾಯೋದು ಬೇಡ. ಗಡುವು ದಾಟಿದ್ರೆ ಬಡ್ಡಿ ಬೀಳ್ತದೆ. ಎಲ್ಲರಿಗೂ ಅದನ್ನು ಹೇಳು."

ನಿಜವಾಗಿ ಹೇಳಬೇಕಾದ ಮಾತು ಅದೇ ಆಗಿತ್ತು. ಮೂರು ಮನೆಯವರು ಆಗಲೇ ಸಾಲ ಕಟ್ಟುವುದಿಲ್ಲ ಎಂದು ತೀರ್ಮಾನಿಸಿ ಕೂತಿದ್ದರು. ಒಬ್ಬನದು ಟ್ರ್ಯಾಕ್ಟರ್ ಸಾಲ. ಇನ್ನೊಬ್ಬನ ಬೆಳೆಸಾಲ 1,60,000. ಅಷ್ಟೂ ಹೋಗುತ್ತದೆ ಎಂದು ನಂಬಿದ್ದ. ಮೂರನೆಯವಳದು ಸ್ವಸಹಾಯ ಗುಂಪಿನದು. ಅವಳು ಕಂತು ನಿಲ್ಲಿಸಿದರೆ ಗುಂಪಿನ ಉಳಿದವರು ಕಟ್ಟಬೇಕಾಗುತ್ತಿತ್ತು. ರಾಘವ ಒಬ್ಬೊಬ್ಬರನ್ನೂ ಹತ್ತಿರ ಕೂರಿಸಿಕೊಂಡು ಪಾಸ್‌ಬುಕ್ ನೋಡಿ, ಕಟ್ಟಬೇಕಾದ ಮೊತ್ತವನ್ನೂ ಗಡುವಿನ ತಾರೀಖನ್ನೂ ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಹರಿದು ಕೊಟ್ಟ. ಮೇಷ್ಟ್ರು ಪಕ್ಕದಲ್ಲೇ ಕೂತು ಕೂಡಿಸಿ ಕಳೆದು ನೋಡಿದರು. ಮಧ್ಯಾಹ್ನದ ಊಟದ ಹೊತ್ತಾಯಿತು.

ತಿಮ್ಮಣ್ಣ, ಸುಬ್ರಾಯ ಒಟ್ಟಿಗೆ ಎದ್ದರು. ಅಂಗಳದಲ್ಲಿ ನಿಂತು ಏನೋ ಮಾತಾಡಿದರು. ದನಿ ಏರಿತು, ಮತ್ತೆ ಇಳಿಯಿತು. ಒಂದೇ ದಾರಿಯಲ್ಲಿ ಹೋದರು.

ಕಮಲಕ್ಕ ಕೊಪ್ಪೆ ಎತ್ತಿಕೊಳ್ಳುತ್ತಿದ್ದಳು. ರಾಘವ ಹಿಂದೆಯೇ ಹೋದ.

"ಕಮಲಕ್ಕ, ಈ ಆದೇಶದಲ್ಲಿ ನಿಂಗೆ ಏನೂ ಇಲ್ಲ. ಆದ್ರೆ ಪಹಣಿ ನಿನ್ನ ಹೆಸರಿಗೆ ಆಗಬೇಕು. ಪೌತಿ ಖಾತೆ ಮಾಡಿಸೋಣ. ಆಮೇಲೆ ನೀನೂ ಬೆಳೆಸಾಲ ತೆಗೀಬಹುದು. ಗಡುವಿನೊಳಗೆ ಕಟ್ಟಿದ್ರೆ ಬಡ್ಡಿ ಇಲ್ಲ. ಬಳೆ ಅಡವಿಡೋದು ತಪ್ಪುತ್ತದೆ."

"ಅದಕ್ಕೆಲ್ಲ ಯಾರು ಓಡಾಡೋದು ಮಾರಾಯಾ? ನಾಡಕಚೇರಿಗೆ ಹೋದ್ರೆ ದಿನ ಹೋಗ್ತದೆ. ನಾದಿನಿಯರು ಸಹಿ ಹಾಕ್ತಾರೋ ಇಲ್ಲವೋ."

"ಕೇಳಿದ್ದೀಯಾ?"

"ಇಲ್ಲ."

"ಹಾಗಾದ್ರೆ ಕೇಳೋಣ. ಇಬ್ಬರೂ ಶಿರಸಿಯಲ್ಲೇ ಇದ್ದಾರಲ್ಲ."

ಜಗುಲಿಯಿಂದ ಅಪ್ಪ ಕೂಗಿದರು. "ನಾಳೆ ಮಳೆ ಬಿಟ್ರೆ ಮದ್ದು ಹೊಡೆಸೋದು ನಾನು ನೋಡ್ಕೊಳ್ತೇನೆ. ನೀನು ಅಂಗಡಿಗೆ ರಜೆ ಹೇಳಿ ಕಮಲಕ್ಕನ ಜೊತೆ ಹೋಗು."

ಕಮಲಕ್ಕ ಕೊಪ್ಪೆಯನ್ನು ಮತ್ತೆ ಕೆಳಗಿಟ್ಟಳು. "ಏನೇನು ಕಾಗದ ಬೇಕು?"

"ಮಾವನ ಮರಣ ಪ್ರಮಾಣಪತ್ರ, ನಿನ್ನ ಯಜಮಾನರದ್ದು, ವಂಶವೃಕ್ಷ, ಪಹಣಿ, ಆಧಾರ್."

"ಯಜಮಾನರದ್ದು ಪೆಟ್ಟಿಗೆಯಲ್ಲಿದೆ. ಮಾವನದ್ದು ಮಾಡಿಸಿಯೇ ಇಲ್ಲ."

"ಹಾಗಾದ್ರೆ ಅಲ್ಲಿಂದಲೇ ಶುರು ಮಾಡಬೇಕು" ಎಂದು ರಾಘವ ಕ್ಯಾಲೆಂಡರಿನ ಉಳಿದ ತುಂಡಿನಲ್ಲಿ ಬರೆದುಕೊಂಡ. "ಅವರು ಹೋದ ತಾರೀಖು ನೆನಪಿದೆಯಾ?"