ಕ್ರೀಡಾಕೂಟದಲ್ಲಿ ಸಿಡಿಲು ಬಡಿದ ಘಟನೆ: ಸಂಘಟನಾ ಸಮಿತಿಯ ವರದಿ

ಗ್ರಾಮ ಪಂಚಾಯಿತಿಯ ವಿಶೇಷ ಸಭೆಗೆ ಸಲ್ಲಿಸಲಾಗಿದೆ
ಪ್ರತಿ: ತಹಶೀಲ್ದಾರರು, ತೀರ್ಥಹಳ್ಳಿ ತಾಲ್ಲೂಕು

ಮಾನ್ಯರೇ,

ಮೇ 4ರ ಭಾನುವಾರ ನಮ್ಮ ಗ್ರಾಮದ ಗದ್ದೆ ಬಯಲಿನಲ್ಲಿ ನಡೆದ ವಾಲಿಬಾಲ್ ಮತ್ತು ಹಗ್ಗಜಗ್ಗಾಟ ಪಂದ್ಯಾವಳಿಯ ಸಮಯದಲ್ಲಿ, ಮಧ್ಯಾಹ್ನ 3 ಗಂಟೆ 57 ನಿಮಿಷಕ್ಕೆ, ಬಯಲಿನ ಅಂಚಿನ ಮಾವಿನ ಮರಕ್ಕೆ ಸಿಡಿಲು ಬಡಿದು ಏಳು ಜನ ಗಾಯಗೊಂಡರು. ಯಾರೂ ಪ್ರಾಣ ಕಳೆದುಕೊಂಡಿಲ್ಲ. ಒಬ್ಬ ಹುಡುಗನ ಹೃದಯ ನಿಂತು ಮತ್ತೆ ಮಿಡಿದಿದೆ. ಹವಾಮಾನದ ಎಚ್ಚರಿಕೆ ಯಾವಾಗ ಸಿಕ್ಕಿತು, ಜನರಿಗೆ ಆಸರೆ ಎಲ್ಲಿತ್ತು, ಗಾಯಾಳುಗಳಿಗೆ ಏನೇನಾಯಿತು ಎಂಬ ಮೂರು ವಿಷಯಗಳ ಬಗ್ಗೆ ಸಭೆ ಕೇಳಿದ್ದ ವಿವರಣೆ ಇಲ್ಲಿದೆ. ಗಾಯಾಳುಗಳ ಹೆಸರು ಮತ್ತು ವಿಳಾಸಗಳು ಪ್ರತ್ಯೇಕ ಲಕೋಟೆಯಲ್ಲಿವೆ. ವರದಿಯನ್ನು ಪಂಚಾಯಿತಿಯ ಫಲಕದಲ್ಲಿ ಹಾಕಲಿರುವುದರಿಂದ ಅವನ್ನು ಇಲ್ಲಿ ಬರೆದಿಲ್ಲ.

ಎಚ್ಚರಿಕೆಗಳು

ಶನಿವಾರ ಸಂಜೆಯೇ ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಶಿವಮೊಗ್ಗ ಜಿಲ್ಲೆಗೆ ಭಾನುವಾರದಂದು ಗುಡುಗು, ಮಿಂಚು, ಬಿರುಗಾಳಿಯ ಹಳದಿ ಎಚ್ಚರಿಕೆ ಇತ್ತು. ಭರಣಿ ಮಳೆಯ ದಿನಗಳಲ್ಲಿ ಮಲೆನಾಡಿನಲ್ಲಿ ಇದು ಹೊಸದಲ್ಲ. ಬೆಳಗಿನಿಂದ ಕಾದ ನೆಲ, ಕಡಲಿನ ಕಡೆಯಿಂದ ಬಂದ ತೇವ, ಅದನ್ನು ಮೇಲಕ್ಕೆತ್ತುವ ಘಟ್ಟ ಇವೆಲ್ಲ ಸೇರಿ ಮಧ್ಯಾಹ್ನದ ನಂತರ ಗುಡುಗಿನ ಮೋಡ ಕಟ್ಟುತ್ತವೆ. ಆದ್ದರಿಂದಲೇ ಸಮಿತಿಯು ಬೆಳಿಗ್ಗೆ 8ಕ್ಕೆ ಆರಂಭಿಸಿ 2 ಗಂಟೆಯೊಳಗೆ ಬಹುಮಾನ ವಿತರಣೆ ಮುಗಿಸುವುದೆಂದು ಆ ರಾತ್ರಿಯೇ ನಿರ್ಧರಿಸಿತ್ತು. ದೂರದ ಮೂರು ತಂಡಗಳು ತಡವಾಗಿ ಬಂದವು. ಅಂತಿಮ ಪಂದ್ಯ ಆರಂಭವಾದಾಗ 3 ಗಂಟೆ 10 ನಿಮಿಷ.

ನಮ್ಮ ಬಯಲಿನಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಕಣಿವೆಯ ತಳದಲ್ಲಿರುವ ಜಾಗ ಅದು. ಎಚ್ಚರಿಕೆಯ ಸಂದೇಶ ಜಿಲ್ಲೆಯ ಎಲ್ಲರ ಮೊಬೈಲಿಗೂ ಬಂದಿರುತ್ತದೆ ಎಂದು ಕಚೇರಿಯಲ್ಲಿ ಕುಳಿತವರು ಭಾವಿಸಬಾರದು ಎಂಬ ಕಾರಣಕ್ಕೆ ಇದನ್ನು ಒತ್ತಿ ಹೇಳುತ್ತಿದ್ದೇವೆ. ಆಟ ನೋಡುತ್ತಿದ್ದ ಸುಮಾರು ನಾಲ್ಕು ನೂರು ಜನರಲ್ಲಿ ನಾವು ವಿಚಾರಿಸಿದ ಯಾರಿಗೂ ಆ ಹೊತ್ತಿನಲ್ಲಿ ಸಂದೇಶ ತಲುಪಿರಲಿಲ್ಲ. ಇದು ಮೊದಲೇ ಗೊತ್ತಿದ್ದುದರಿಂದ ಒಬ್ಬ ಸ್ವಯಂಸೇವಕನನ್ನು ರಸ್ತೆಯ ದರೆಯ ಮೇಲೆ, ಸಿಗ್ನಲ್ ಸಿಗುವ ಕಡೆ ನಿಲ್ಲಿಸಿದ್ದೆವು. 2 ಗಂಟೆ 45 ನಿಮಿಷಕ್ಕೆ ಅವನು ಕೆಳಗಿಳಿದು ಬಂದು, ಮುಂದಿನ ಮೂರು ಗಂಟೆಗಳ ತತ್‌ಕ್ಷಣದ ಮುನ್ಸೂಚನೆಯಲ್ಲಿ ಜಿಲ್ಲೆಯ ಬಣ್ಣ ಕಿತ್ತಳೆಗೆ ತಿರುಗಿದೆ ಎಂದು ತಿಳಿಸಿದ. ಸಿಡಿಲು ಬೀಳುತ್ತಿರುವ ಜಾಗಗಳನ್ನು ತೋರಿಸುವ ‘ದಾಮಿನಿ’ ಆ್ಯಪ್ ಅವನ ಮೊಬೈಲಿನಲ್ಲಿತ್ತು. ಅದರಲ್ಲಿ 3 ಗಂಟೆ 20ಕ್ಕೆ 40 ಕಿಲೋಮೀಟರ್ ವೃತ್ತದೊಳಗೂ 3 ಗಂಟೆ 34ಕ್ಕೆ 20 ಕಿಲೋಮೀಟರ್ ವೃತ್ತದೊಳಗೂ ಗುರುತುಗಳು ಕಂಡವು.

ಮೂಡಣದಲ್ಲಿ, ಸಕ್ರೆಬೈಲಿನ ಕಡೆ, ಮೋಡ ಕಪ್ಪಾಗಿತ್ತು. ಬಯಲಿನ ಮೇಲೆ ಮಾತ್ರ ಉರಿ ಬಿಸಿಲು. ಮೊದಲ ಗುಡುಗು ಕೇಳಿದ ಕೂಡಲೇ ಆಟ ನಿಲ್ಲಿಸುವುದೆಂದು ಸಮಿತಿ ತೀರ್ಮಾನಿಸಿತು. 3 ಗಂಟೆ 36ಕ್ಕೆ ಗುಡುಗು ಕೇಳಿತು. ಮಿಂಚಿಗೂ ಗುಡುಗಿಗೂ ನಡುವೆ ಅಂಪೈರ್ ಎಣಿಸಿದ್ದು 24 ಸೆಕೆಂಡ್. ಶಬ್ದವು ಒಂದು ಕಿಲೋಮೀಟರ್ ದಾಟಲು ಸುಮಾರು ಮೂರು ಸೆಕೆಂಡ್ ತೆಗೆದುಕೊಳ್ಳುವುದರಿಂದ ಅದು ಎಂಟು ಕಿಲೋಮೀಟರ್ ದೂರ. ಮೂವತ್ತು ಸೆಕೆಂಡಿಗಿಂತ ಕಡಿಮೆಯಾದರೆ ಒಳಗೆ ಹೋಗಬೇಕು ಎಂಬುದು ನಿಯಮ. 3 ಗಂಟೆ 39ಕ್ಕೆ ಆಟ ನಿಲ್ಲಿಸಿ, ಎಲ್ಲರೂ ಶಾಲೆಗೆ ಹೋಗಬೇಕೆಂದು ಮೈಕಿನಲ್ಲಿ ಹೇಳಲಾಯಿತು.

ಅಲ್ಲಿಂದ ಸಿಡಿಲು ಬಡಿಯುವವರೆಗೆ ಸಿಕ್ಕಿದ್ದು 18 ನಿಮಿಷ. ಗದ್ದೆಯಲ್ಲಿ ಒಬ್ಬನೇ ಕೆಲಸ ಮಾಡುತ್ತಿರುವವನಿಗೆ ಇಷ್ಟು ಸಮಯ ಸಾಕು. ಮಕ್ಕಳು, ಮುದುಕರು, ಅಂಗಡಿ ಹಾಕಿದವರು ಸೇರಿದ ನಾಲ್ಕು ನೂರು ಜನರಿಗೆ ಸಾಲದು. ಗುಂಪಿನ ವಿಷಯದಲ್ಲಿ ಮೊದಲ ಗುಡುಗಿಗೆ ಕಾಯುವ ನಿಯಮವೇ ತಡ ಎಂಬುದು ಈ ಘಟನೆಯಿಂದ ಸಮಿತಿಗೆ ಸ್ಪಷ್ಟವಾಗಿದೆ. 3 ಗಂಟೆ 20ರ ಗುರುತುಗಳನ್ನು ನೋಡಿಯೇ ಜನರನ್ನು ಹೊರಡಿಸಿದ್ದರೆ 37 ನಿಮಿಷ ಸಿಗುತ್ತಿತ್ತು.

ಆಸರೆ

ಆಟ ನಿಲ್ಲಿಸುವುದು ಬೇರೆ, ಜನರನ್ನು ಸೂರಿನೊಳಗೆ ಸೇರಿಸುವುದು ಬೇರೆ. ಮೊದಲನೆಯದು ಆಯಿತು, ಎರಡನೆಯದು ಅರ್ಧ ಆಯಿತು. ಶಾಲೆ ಇರುವುದು ಬಯಲಿನಿಂದ ಸುಮಾರು 350 ಮೀಟರ್ ದೂರ, ಅಡಿಕೆ ತೋಟದ ಆಚೆ, ಕಾಲುಸೇತುವೆಯಾದ ಸಾರ ದಾಟಿ. ಸಾರದ ಮೇಲೆ ಇಬ್ಬರು ಅಕ್ಕಪಕ್ಕ ನಡೆಯುವುದು ಕಷ್ಟ. ಬೀಗದ ಕೈ ತರಿಸಿ ಬಾಗಿಲು ತೆಗೆದಾಗ 3 ಗಂಟೆ 45. ಎರಡು ಕೊಠಡಿಗಳಲ್ಲಿ ಮತ್ತು ಜಗುಲಿಯಲ್ಲಿ ಅಂದಾಜು 180 ಜನ ಸೇರಿದರು. ಮಕ್ಕಳನ್ನು ಮೊದಲು ದಾಟಿಸಿದ್ದು ಸ್ವಯಂಸೇವಕರ ದೊಡ್ಡ ಕೆಲಸ. ಒಳಗೆ ಹಿರಿಯರು ಅರ್ಜುನನ ಹೆಸರುಗಳನ್ನು ಹೇಳಿಸುತ್ತಾ ಮಕ್ಕಳನ್ನು ಗೋಡೆಯಿಂದ ದೂರ ಕೂರಿಸಿಕೊಂಡಿದ್ದರು. ಒಂದು ತಂಡ ಬಂದಿದ್ದ ಖಾಸಗಿ ಬಸ್ಸಿನಲ್ಲಿ, ಕಾರು ಜೀಪುಗಳಲ್ಲಿ ಸುಮಾರು 90 ಜನ ಕುಳಿತು ಗಾಜು ಏರಿಸಿಕೊಂಡರು. ಲೋಹದ ಚಾವಣಿಯ ವಾಹನ ಸುರಕ್ಷಿತ ಎಂಬುದು ನಿಜ. ಅದರಲ್ಲಿದ್ದ ಒಬ್ಬರಿಗೂ ಏನೂ ಆಗಲಿಲ್ಲ. ಹಲವರು ಬೈಕುಗಳಲ್ಲಿ ಮನೆಗೆ ಹೊರಟರು. ಅದು ಅಪಾಯದ ದಾರಿ, ತಡೆಯಲು ಆಗಲಿಲ್ಲ.

3 ಗಂಟೆ 50ಕ್ಕೆ ಗಾಳಿ ಎದ್ದು ಹನಿ ಬಿತ್ತು. ಅರುವತ್ತರಷ್ಟು ಜನ ಶಾಮಿಯಾನದ ಕೆಳಗೆ ಸರಿದರು. ಶಾಮಿಯಾನ ಬಿಸಿಲಿಗೆ ನೆರಳಾಗುತ್ತದೆಯೇ ಹೊರತು ಸಿಡಿಲಿಗೆ ಆಸರೆಯಲ್ಲ. ಕಬ್ಬಿಣದ ಕಂಬಗಳ ಮೇಲೆ ಬಟ್ಟೆ, ಸುತ್ತ ಗೋಡೆಯಿಲ್ಲ. ಬಟ್ಟೆ ಸೋರತೊಡಗಿದಾಗ ಅಲ್ಲಿಂದ ಇಪ್ಪತ್ತರಷ್ಟು ಜನ ಮಾವಿನ ಮರದ ಬುಡಕ್ಕೆ ಓಡಿದರು. ಮಳೆಯಲ್ಲಿ ವಿದ್ಯುತ್ ತಗಲುವ ಭಯದಿಂದ ಜನರೇಟರ್ ಮತ್ತು ಮೈಕನ್ನು ಆಗಲೇ ನಿಲ್ಲಿಸಲಾಗಿತ್ತು. ಅದು ಸರಿಯಾದ ಕ್ರಮವೇ. ಆದರೆ ‘ಮರದ ಕೆಳಗೆ ನಿಲ್ಲಬೇಡಿ’ ಎಂದು ಹೇಳಲು ಉಳಿದದ್ದು ಬರಿಯ ಗಂಟಲು. ಮೂವರು ಸ್ವಯಂಸೇವಕರು ಕೂಗಿದರು. ಮಳೆಯ ಸದ್ದಿನಲ್ಲಿ ಕೆಲವರಿಗೆ ಕೇಳಿಸಿತು, ಕೆಲವರಿಗೆ ಇಲ್ಲ. ಹನ್ನೆರಡು ಹದಿಮೂರು ಜನ ಅಲ್ಲಿಂದ ಹೊರಟು ಬಂದರು. ಆ ಕೂಗು ಇರದಿದ್ದರೆ ಈ ವರದಿ ಬೇರೆಯದೇ ಆಗಿರುತ್ತಿತ್ತು.

ಗಾಯಾಳುಗಳು

ಮರದ ತುದಿಯಿಂದ ಬೇರಿನವರೆಗೆ ತೊಗಟೆ ಸೀಳಿ ಹೋಗಿದೆ. ಕಾಂಡಕ್ಕೆ ಒರಗಿ ನಿಂತಿದ್ದ 19 ವರ್ಷದ ಆಟಗಾರ ಅಲ್ಲೇ ಬಿದ್ದ. ಉಸಿರಿರಲಿಲ್ಲ, ನಾಡಿಯೂ ಇರಲಿಲ್ಲ. ಹತ್ತಿರ ಹೋದವರನ್ನು ‘ಮುಟ್ಟಬೇಡಿ, ಮೈಯಲ್ಲಿ ಕರೆಂಟ್ ಇರುತ್ತದೆ’ ಎಂದು ಯಾರೋ ಹಿಂದಕ್ಕೆ ಎಳೆದರು. ಇದರಿಂದ ಒಂದೆರಡು ನಿಮಿಷ ಹಾಳಾಯಿತು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿಯುವುದಿಲ್ಲ, ತಕ್ಷಣ ಮುಟ್ಟಬಹುದು, ಮುಟ್ಟಲೇಬೇಕು. ರಜೆಗೆ ಊರಿಗೆ ಬಂದಿದ್ದ ನಮ್ಮೂರಿನ ಹೆಣ್ಣುಮಗಳೊಬ್ಬರು ವೃತ್ತಿಯಿಂದ ದಾದಿ. ಶಾಲೆಯ ದಾರಿಯಲ್ಲಿದ್ದವರು ತಿರುಗಿ ಓಡಿ ಬಂದರು. ನರಳುತ್ತಿದ್ದ ಉಳಿದವರನ್ನು ಬಿಟ್ಟು ನೇರವಾಗಿ ಸದ್ದಿಲ್ಲದೆ ಬಿದ್ದಿದ್ದ ಹುಡುಗನ ಬಳಿ ಕುಳಿತು ಎದೆ ಒತ್ತಲು ಆರಂಭಿಸಿದರು. ನರಳುವವರನ್ನು ಬಿಟ್ಟು ಅವನ ಬಳಿಗೇ ಏಕೆ ಹೋದರು ಎಂದು ಆಮೇಲೆ ಒಬ್ಬರು ಆಕ್ಷೇಪಿಸಿದ್ದನ್ನು ಕೇಳಿದ್ದೇವೆ. ಅವರು ಮಾಡಿದ್ದೇ ಸರಿ. ಸಿಡಿಲಿನಲ್ಲಿ ಹೃದಯ ಮತ್ತು ಉಸಿರು ನಿಂತವರನ್ನು ಮೊದಲು ನೋಡಬೇಕು. ನರಳುವವರು ಉಸಿರಾಡುತ್ತಿರುತ್ತಾರೆ, ಸ್ವಲ್ಪ ಕಾಯಬಲ್ಲರು. ಇಬ್ಬರು ಆಟಗಾರರು ಸರದಿಯಲ್ಲಿ ಕೈ ಜೋಡಿಸಿದರು. ಆರು ನಿಮಿಷಗಳ ಬಳಿಕ ಹುಡುಗ ಉಸಿರೆಳೆದ. ಆ ಮಹಿಳೆಗೆ ಇಡೀ ಊರು ಋಣಿ.

108ಕ್ಕೆ ದರೆಯ ಮೇಲಿನಿಂದ ಕರೆ ಹೋಗಿತ್ತು. ಆಂಬುಲೆನ್ಸ್ ಬರುವವರೆಗೆ ಕಾಯದೆ ಅವನನ್ನು ಜೀಪಿನಲ್ಲಿ ಹೆದ್ದಾರಿಗೆ ಒಯ್ದು ಅಲ್ಲಿ ಹಸ್ತಾಂತರಿಸಲಾಯಿತು. ತಾಲ್ಲೂಕು ಆಸ್ಪತ್ರೆಯಿಂದ ಅದೇ ರಾತ್ರಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳುಹಿಸಿದರು. ಈಗ ತೀವ್ರ ನಿಗಾ ಘಟಕದಿಂದ ವಾರ್ಡಿಗೆ ಬಂದಿದ್ದಾನೆ, ಊಟ ಮಾಡುತ್ತಿದ್ದಾನೆ. ಆ ದಿನದ ನೆನಪು ಅವನಿಗಿಲ್ಲ.

ಮಂಡಕ್ಕಿ ಮಾರುತ್ತಿದ್ದ 42 ವರ್ಷದ ಮಹಿಳೆಗೆ ಬಲ ಕಿವಿಯ ತಮಟೆ ಹರಿದಿದೆ. 35 ವರ್ಷದ ಕೂಲಿ ಕಾರ್ಮಿಕರಿಗೆ ಎರಡೂ ಕಾಲು ತಣ್ಣಗಾಗಿ ಅಲುಗಾಡದೆ ಹೋಗಿದ್ದವು. ಮನೆಯವರು ಪಾರ್ಶ್ವವಾಯು ಎಂದು ಗಾಬರಿಯಾದರು, ಸಂಜೆಯ ಹೊತ್ತಿಗೆ ಶಕ್ತಿ ಮರಳಿತು. ಸಿಡಿಲಿನ ನಂತರ ಹೀಗೆ ತಾತ್ಕಾಲಿಕವಾಗಿ ಆಗುವುದುಂಟು ಎಂದು ವೈದ್ಯರು ತಿಳಿಸಿದರು. ಇನ್ನೊಬ್ಬ ಯುವಕನ ಬೆನ್ನಿನಲ್ಲಿ ಜರಿಗಿಡದ ಎಲೆಯ ಹಾಗೆ ಕವಲೊಡೆದ ಕೆಂಪು ಗುರುತುಗಳು ಮೂಡಿ ಎರಡು ದಿನಗಳಲ್ಲಿ ಮಾಸಿದವು. ಮರದ ಬಳಿಯಿಂದ ಓಡಿ ಬರುತ್ತಾ ಬಿದ್ದ 28 ವರ್ಷದ ಮಹಿಳೆಗೆ ತರಚು ಗಾಯಗಳು. ಶಾಮಿಯಾನದ ಕಂಬ ಹಿಡಿದಿದ್ದ ಹಿರಿಯರೊಬ್ಬರ ಅಂಗೈ ಸುಟ್ಟಿದೆ.

ಏಳನೆಯವನು 14 ವರ್ಷದ ಬಾಲಕ. ಅವನು ಮರದ ಕೆಳಗೆ ಇರಲಿಲ್ಲ, ಹನ್ನೆರಡು ಮೀಟರ್ ದೂರದಲ್ಲಿ ಶಾಲೆಯ ಕಡೆ ಓಡುತ್ತಿದ್ದ. ಮರದಿಂದ ಇಳಿದ ವಿದ್ಯುತ್ ಒದ್ದೆ ನೆಲದಲ್ಲಿ ಹರಡಿ, ಒಂದು ಕಾಲಿನಿಂದ ಏರಿ ಇನ್ನೊಂದರಿಂದ ಇಳಿಯುವುದರಿಂದ ದೂರದಲ್ಲಿದ್ದವರೂ ಬೀಳುತ್ತಾರೆ. ಬಿದ್ದ ರಭಸಕ್ಕೆ ಮೊಣಕೈ ಮೂಳೆ ಮುರಿದಿದೆ. ‘ಮರದಿಂದ ಸ್ವಲ್ಪ ಆಚೆ ನಿಂತರೆ ಸಾಕು’ ಎನ್ನುವವರು ಈ ಮಗುವನ್ನು ನೆನಪಿಡಬೇಕು.

ಊರಿನಲ್ಲಿ ಹರಡಿರುವ ಎರಡು ಮಾತುಗಳಿಗೆ ಉತ್ತರ ಕೊಡಬೇಕಾಗಿದೆ. ಕಾಂಡಕ್ಕೆ ಒರಗಿದ್ದ ಹುಡುಗ ಮೊಬೈಲಿನಲ್ಲಿ ಮಾತನಾಡುತ್ತಿದ್ದ, ಅದೇ ಸಿಡಿಲನ್ನು ಕರೆಯಿತು ಎನ್ನುತ್ತಾರೆ. ಮೊಬೈಲ್ ಸಿಡಿಲನ್ನು ಸೆಳೆಯುವುದಿಲ್ಲ; ಅಲ್ಲಿ ಸಿಗ್ನಲ್ ಕೂಡ ಇಲ್ಲ. ಯಾರದೋ ಹರಕೆ ತಪ್ಪಿದ್ದರಿಂದ ಹೀಗಾಯಿತು ಎಂಬುದು ಇನ್ನೊಂದು. ಆ ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರಕ್ಕಿದ್ದದ್ದು ಆ ಮರ. ಗಾಯಗೊಂಡ ಮನೆಗಳವರ ಮುಂದೆ ಇಂಥ ಮಾತು ಆಡುವುದು ನೋವಿನ ಮೇಲೆ ಬರೆ ಎಳೆಯುವುದು, ದಯವಿಟ್ಟು ನಿಲ್ಲಿಸಬೇಕು.

ಸಭೆಯ ತೀರ್ಮಾನಕ್ಕೆ

ಬಹುಮಾನದ ಮೊತ್ತವನ್ನು ಮತ್ತು ಉಳಿದ ದೇಣಿಗೆಯನ್ನು ಗಾಯಾಳುಗಳ ಓಡಾಟ ಹಾಗೂ ಔಷಧಿಯ ಖರ್ಚಿಗೆ ಕೊಡಲು ಎರಡೂ ಅಂತಿಮ ತಂಡಗಳು ಒಪ್ಪಿವೆ. ಸಭೆಯ ಅನುಮೋದನೆ ಬೇಕು. ಮಂಡಕ್ಕಿ ಮಾರುವ ಮಹಿಳೆಗೂ ಕೂಲಿ ಕಾರ್ಮಿಕರಿಗೂ ದುಡಿಮೆ ನಿಂತಿದೆ. ಸರ್ಕಾರದಿಂದ ಸಿಗಬಹುದಾದ ಪರಿಹಾರಕ್ಕಾಗಿ ಅವರ ಅರ್ಜಿಗಳನ್ನು ತಹಶೀಲ್ದಾರರು ಆದ್ಯತೆಯಿಂದ ನೋಡಬೇಕೆಂದು ಕೋರುತ್ತೇವೆ.

ಪಂದ್ಯಾವಳಿಯನ್ನು ಮುಂದಿನ ವರ್ಷದಿಂದ ಜನವರಿಗೆ, ಭತ್ತದ ಕೊಯಿಲು ಮುಗಿದ ಮೇಲೆ, ಬದಲಾಯಿಸಬೇಕು. ಮಾರ್ಚ್‌ನಿಂದ ಮಳೆಗಾಲದವರೆಗೆ ಈ ಬಯಲಿನಲ್ಲಿ ಮಧ್ಯಾಹ್ನದ ನಂತರ ಯಾವ ಸಾರ್ವಜನಿಕ ಕಾರ್ಯಕ್ರಮಕ್ಕೂ ಪಂಚಾಯಿತಿ ಅನುಮತಿ ಕೊಡಬಾರದು. ಬೇರೆ ಸಮಯದಲ್ಲಿ ಅನುಮತಿ ಕೊಡುವಾಗ ಮೈಕು, ಶಾಮಿಯಾನಗಳ ಜೊತೆಗೆ ಶಾಲೆಯ ಬೀಗದ ಕೈ ಯಾರ ಬಳಿ ಇದೆ, ಎಷ್ಟು ಜನ ಒಳಗೆ ಹಿಡಿಯುತ್ತಾರೆ, ಬ್ಯಾಟರಿ ಧ್ವನಿವರ್ಧಕ ಇದೆಯೇ ಎಂಬುದನ್ನೂ ಕೇಳಬೇಕು. ಕೊನೆಯ ಗುಡುಗಿನ ನಂತರ ಮೂವತ್ತು ನಿಮಿಷ ಯಾರನ್ನೂ ಹೊರಗೆ ಬಿಡಬಾರದು. ಆ ದಿನ ಶಾಲೆಯಲ್ಲಿದ್ದವರನ್ನು 5 ಗಂಟೆ 20ರವರೆಗೆ ಕೂರಿಸಿದ್ದಕ್ಕೆ ಬೈಗುಳ ಕೇಳಿದ ಸ್ವಯಂಸೇವಕರು ಸರಿಯಾಗಿಯೇ ನಡೆದುಕೊಂಡರು. ಸಾರವನ್ನು ಅಗಲ ಮಾಡಿಸುವ ಕೆಲಸವನ್ನು ಈ ಮಳೆಗಾಲಕ್ಕೆ ಮೊದಲೇ ಕೈಗೆತ್ತಿಕೊಳ್ಳಬೇಕು. ಮಕ್ಕಳು ದಿನವೂ ಶಾಲೆಗೆ ಹೋಗುವುದು ಅದರ ಮೇಲೆಯೇ.

ಸಮಿತಿಯ ಪರವಾಗಿ,
ಸಂಚಾಲಕರು, ಕ್ರೀಡಾಕೂಟ ಸಂಘಟನಾ ಸಮಿತಿ
ಮೇ 11

ಲಗತ್ತು: ಗಾಯಾಳುಗಳ ಪಟ್ಟಿ ಮತ್ತು ಚಿಕಿತ್ಸಾ ವಿವರ (ಮುಚ್ಚಿದ ಲಕೋಟೆ), ಬಯಲು ಮತ್ತು ಶಾಲೆಯ ಕೈನಕ್ಷೆ, ದೇಣಿಗೆಯ ಲೆಕ್ಕಪತ್ರ.