ರೋಗಿಯ ಮಾಹಿತಿಯ ಗೋಪ್ಯತೆ: ತರಬೇತಿಗೆ ಬಂದವರಿಗೆ ಒಂದು ಹಾಳೆ

ಯಾರಿಗೆ: ನೋಂದಣಿ ಕೌಂಟರ್, ಬಿಲ್ಲಿಂಗ್, ಲ್ಯಾಬ್, ಎಕ್ಸ್-ರೇ, ಔಷಧ ಅಂಗಡಿ, ವಾರ್ಡ್ ಸಿಬ್ಬಂದಿ, ಆಯಾಗಳು, ಕಾವಲುಗಾರರು, ಆಂಬುಲೆನ್ಸ್ ಚಾಲಕರು
ಎಲ್ಲಿ, ಯಾವಾಗ: ನಮ್ಮ ಕಲಬುರಗಿ ಆಸ್ಪತ್ರೆಯ ಮೊದಲ ಮಹಡಿಯ ಸಭಾ ಕೋಣೆ, ಶನಿವಾರ ಮಧ್ಯಾಹ್ನ 3 ಗಂಟೆ. ರಾತ್ರಿ ಪಾಳಿಯವರಿಗೆ ಭಾನುವಾರ ಬೆಳಿಗ್ಗೆ 8:30.
ಬರೆದವರು: ದಾಖಲೆ ಕೋಣೆಯ ಉಸ್ತುವಾರಿ

ಹಾಳೆ ಒಂದೇ, ಎರಡೂ ಬದಿ ಮುದ್ರಿಸಿದೆ. ಕೌಂಟರ್‌ನವರು ಗಾಜಿನ ಕೆಳಗೆ ಇಟ್ಟುಕೊಳ್ಳಿ.

ಭಜಿಯ ಕಾಗದ

ಕಳೆದ ಮಳೆಗಾಲದ ಒಂದು ಸಂಜೆ ಗೇಟಿನಾಚೆಯ ಬಂಡಿಯಲ್ಲಿ ಮಿರ್ಚಿ ಭಜಿ ತೆಗೆದುಕೊಂಡೆ. ಕಾಗದ ಎಣ್ಣೆ ಕುಡಿದು ತೆಳ್ಳಗಾಗಿತ್ತು, ಆದರೂ ಅಕ್ಷರ ಓದಲು ಬರುತ್ತಿತ್ತು. ಮೇಲೆ ನಮ್ಮದೇ ಲ್ಯಾಬಿನ ತಲೆಬರಹ. ಕೆಳಗೆ ಜೇವರ್ಗಿ ಕಡೆಯ ಒಬ್ಬ ಹೆಣ್ಣುಮಗಳ ಪೂರ್ತಿ ಹೆಸರು, ಊರು, ವಯಸ್ಸು, ಮೊಬೈಲ್ ಸಂಖ್ಯೆ, ಕೊನೆಯಲ್ಲಿ ಗರ್ಭ ಪರೀಕ್ಷೆಯ ಫಲಿತಾಂಶ. ಆಕೆಯ ಹೆಸರಿನ ಮೇಲೆ ಮೆಣಸಿನಕಾಯಿಯ ತೊಟ್ಟು ಅಂಟಿತ್ತು.

ಯಾರೂ ಕದ್ದಿರಲಿಲ್ಲ. ಯಾವ ಕಂಪ್ಯೂಟರಿಗೂ ಕನ್ನ ಹಾಕಿರಲಿಲ್ಲ. ತಪ್ಪಾಗಿ ಮುದ್ರಣವಾದ ಹಾಳೆಗಳನ್ನು ಮೂಲೆಯಲ್ಲಿ ಪೇರಿಸಿಟ್ಟು, ರದ್ದಿಯವನಿಗೆ ಕಿಲೋ ಲೆಕ್ಕದಲ್ಲಿ ನಾವೇ ಮಾರಿದ್ದೆವು. ಆ ಹಾಳೆಯನ್ನು ಮನೆಗೆ ಒಯ್ದು ಸುಟ್ಟೆ. ಆದರೆ ಅದೇ ಕಟ್ಟಿನ ಉಳಿದ ಹಾಳೆಗಳು ಎಷ್ಟು ಜನರ ಕೈ ದಾಟಿದವು ಎಂಬುದಕ್ಕೆ ನನ್ನ ಬಳಿ ಲೆಕ್ಕವಿಲ್ಲ.

ಈ ತರಬೇತಿ ಹುಟ್ಟಿದ್ದು ಅಲ್ಲಿಂದ. ಮಾಹಿತಿ ಸೋರಿಕೆ ಎಂದೊಡನೆ ನಮ್ಮ ಕಣ್ಣ ಮುಂದೆ ಎಲ್ಲೋ ಕುಳಿತ ಹ್ಯಾಕರ್ ಬರುತ್ತಾನೆ. ನಮ್ಮಲ್ಲಿ ಹೆಚ್ಚಾಗಿ ಸೋರುವುದು ಬಾಯಿಂದ, ಜೆರಾಕ್ಸಿನಿಂದ, ಕೈಯಲ್ಲಿರುವ ಮೊಬೈಲಿನಿಂದ. ಅದೂ ಬಹುಪಾಲು ಉಪಕಾರ ಮಾಡಲು ಹೋಗಿ.

"ನೀವು ರೋಗಿಗೆ ಏನಾಗಬೇಕು?"

ಇದು ಕೇಳಲು ನಾವು ನಾಚುವ ಪ್ರಶ್ನೆ. ಸೇಡಂ, ಚಿಂಚೋಳಿ, ಆಳಂದ, ಶಹಾಪುರದ ಕಡೆಯಿಂದ ಒಬ್ಬ ರೋಗಿಯ ಜೊತೆ ಐದಾರು ಜನ ಬರುತ್ತಾರೆ. ಅವರಲ್ಲಿ ಒಬ್ಬರು ಕೌಂಟರಿಗೆ ಬಂದು "ನಾನು ಅವರ ಕಾಕಾ, ರಿಪೋರ್ಟ್‌ನಲ್ಲಿ ಏನಿದೆ ಹೇಳಿರಿ" ಎನ್ನುತ್ತಾರೆ. ಹಿರಿಯರು, ತಲೆಗೆ ರುಮಾಲು, ದನಿಯಲ್ಲಿ ಕಳಕಳಿ. ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಅವರು ನಿಜವಾಗಿ ಕಾಕಾ ಇರಬಹುದು. ಆಸ್ತಿ ಜಗಳದ ಎದುರು ಪಕ್ಷದವರೂ ಇರಬಹುದು, ಹುಡುಗಿಯನ್ನು ನೋಡಿಹೋದ ಬೀಗರೂ ಇರಬಹುದು. ಮುಖ ನೋಡಿ ತಿಳಿಯುವ ವಿದ್ಯೆ ನಮಗೆ ಬರುವುದಿಲ್ಲ.

ಹಾಗಾಗಿ ಇನ್ನು ಮುಂದೆ ನೋಂದಣಿಯ ಹೊತ್ತಿಗೇ ರೋಗಿಯನ್ನು ಒಂದು ಮಾತು ಕೇಳಿ: "ನಿಮ್ಮ ವಿಷಯ ನಿಮ್ಮನ್ನು ಬಿಟ್ಟು ಇನ್ನಾರಿಗೆ ಹೇಳಬಹುದು?" ಅವರು ಹೇಳಿದ ಹೆಸರು, ಫೋನ್ ಸಂಖ್ಯೆ ಕೇಸ್ ಪೇಪರಿನ ಬಲ ಮೂಲೆಯಲ್ಲಿರಲಿ. "ಯಾರಿಗೂ ಬೇಡ" ಎಂದರೆ ಹಾಗೆಯೇ ಬರೆಯಿರಿ. ಕೇಳುವಾಗ ಸುತ್ತಲಿನವರನ್ನು ಸ್ವಲ್ಪ ದೂರ ನಿಲ್ಲಿಸಿ. ಅತ್ತೆ ಪಕ್ಕದಲ್ಲೇ ನಿಂತಿರುವಾಗ ಸೊಸೆ ಕೊಡುವ ಉತ್ತರಕ್ಕೆ ಬೆಲೆ ಕಡಿಮೆ. ಗಂಡ ಹೆಂಡತಿಯ ರಿಪೋರ್ಟ್ ಕೇಳಿದರೂ ನಿಯಮ ಇದೇ: ವಯಸ್ಕ ರೋಗಿಯ ಒಪ್ಪಿಗೆ ಅವರದೇ ಬಾಯಿಂದ ಬರಬೇಕು.

ಮೂಲೆಯಲ್ಲಿ ಹೆಸರಿಲ್ಲದವರಿಗೆ ಹೇಳಬೇಕಾದ ಮಾತು: "ಅಣ್ಣಾ, ತಪ್ಪು ತಿಳಿಯಬೇಡಿ, ರೋಗಿಯೇ ಬಂದರೆ ಈಗಲೇ ಕೊಡುತ್ತೇನೆ. ಇಲ್ಲಿ ಎಲ್ಲರಿಗೂ ಇದೇ ಪದ್ಧತಿ." ಜೋರು ಮಾಡಿದರೆ ನನ್ನ ಹತ್ತಿರ ಕಳಿಸಿ. ಬೈಸಿಕೊಳ್ಳುವುದು ನನ್ನ ಕೆಲಸದ ಭಾಗ. ಊರ ಗೌಡರು ಕಳಿಸಿದ್ದಾರೆ, ಸಾಹೇಬರು ಹೇಳಿದ್ದಾರೆ ಎಂದು ಬಂದವರನ್ನೂ ಇಲ್ಲಿಗೇ ಕಳಿಸಿ. ಪೊಲೀಸರು ದಾಖಲೆ ಕೇಳಿದರೆ ಲಿಖಿತ ಕೋರಿಕೆ ಪಡೆದು ಆಡಳಿತಾಧಿಕಾರಿಗೆ ತಿಳಿಸಬೇಕು. ಕೌಂಟರಿನಿಂದ ನೇರವಾಗಿ ಏನೂ ಹೋಗಬಾರದು.

ಜೀವಕ್ಕೆ ಅಪಾಯವಿರುವಾಗ ಮಾತ್ರ ಲೆಕ್ಕ ಬೇರೆ. ಪ್ರಜ್ಞೆ ಇಲ್ಲದ ರೋಗಿಯ ರಕ್ತದ ಗುಂಪು, ಹಳೆಯ ಕಾಯಿಲೆ, ಔಷಧದ ಅಲರ್ಜಿ ಚಿಕಿತ್ಸೆಗೆ ಬೇಕಾದಾಗ ಯಾರ ಒಪ್ಪಿಗೆಗೂ ಕಾಯಬೇಡಿ. ಕಾನೂನೂ ಇದಕ್ಕೆ ಅವಕಾಶ ಕೊಟ್ಟಿದೆ.

ಊರಿನವರ ಕೈಯಲ್ಲಿ ರಿಪೋರ್ಟ್

ಲ್ಯಾಬಿನ ಫಲಿತಾಂಶ ಸಂಜೆಯಾದ ಮೇಲೆ ಬರುತ್ತದೆ. ಅಫಜಲಪುರದ ಕಡೆಯವರು ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಡುತ್ತಾರೆ, "ನಾಳೆ ನಮ್ಮ ಊರಿನವನು ಬರುತ್ತಾನೆ, ಅವನ ಕೈಯಲ್ಲಿ ಕೊಡಿ" ಎಂದು ಹೇಳಿ ಹೋಗುತ್ತಾರೆ. ಇದನ್ನು ನಿಲ್ಲಿಸಲು ಆಗದು, ನಿಲ್ಲಿಸಿದರೆ ಬಡವರು ಮತ್ತೊಂದು ದಿನದ ಕೂಲಿ ಕಳೆದುಕೊಂಡು ಬರಬೇಕಾಗುತ್ತದೆ. ಆದರೆ ಹಾಳೆಯನ್ನು ಎರಡು ಮಡಿಕೆ ಮಾಡಿ ಕೈಗಿಡುವುದು ಬೇಡ. ಲಕೋಟೆಗೆ ಹಾಕಿ ಅಂಟಿಸಿ, ಮೇಲೆ ಟೋಕನ್ ಸಂಖ್ಯೆ, ಹೆಸರು ಅಷ್ಟೇ ಬರೆಯಿರಿ. ಒಯ್ಯುವವರ ಹೆಸರನ್ನು ರೋಗಿ ಹೊರಡುವ ಮೊದಲೇ ರಿಜಿಸ್ಟರಿನಲ್ಲಿ ಬರೆದುಕೊಂಡು ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ. ಎಚ್‌ಐವಿ ಫಲಿತಾಂಶ ಮಾತ್ರ ಯಾರ ಕೈಯಲ್ಲೂ ಹೋಗುವುದಿಲ್ಲ, ಲಕೋಟೆಯಲ್ಲೂ ಇಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ರೋಗಿಯ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಅದನ್ನು ಬಯಲು ಮಾಡುವಂತಿಲ್ಲ. ಹಾಸಿಗೆಯ ಕೇಸ್ ಶೀಟಿನ ಮೇಲೆ ಕೆಂಪು ಗುರುತು ಹಾಕುವ ಹಳೆಯ ಚಾಳಿಯೂ ಇವತ್ತಿಗೆ ಮುಗಿಯಲಿ. ಆ ಗುರುತಿನ ಅರ್ಥ ಇಡೀ ವಾರ್ಡಿಗೆ ಗೊತ್ತು.

ಗರ್ಭಪಾತ ಮಾಡಿಸಿಕೊಂಡ ಹೆಣ್ಣುಮಗಳ ಹೆಸರು, ವಿವರವನ್ನು ವೈದ್ಯರು ಕಾನೂನು ಅಧಿಕಾರ ಕೊಟ್ಟವರ ಹೊರತು ಇನ್ನಾರಿಗೂ ಹೇಳಬಾರದೆಂದು ವೈದ್ಯಕೀಯ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಹೇಳುತ್ತದೆ. ಮೀರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ನಮ್ಮ ಬಾಯಿಂದ ಹೊರಬಿದ್ದರೂ ವೈದ್ಯರು ಉತ್ತರ ಹೇಳಬೇಕಾದೀತು.

ಕೌಂಟರಿನ ದನಿ

"ಸಕ್ಕರೆ ಕಾಯಿಲೆ ಯಾರದು, ಬನ್ನಿ!" "ಮೂಲವ್ಯಾಧಿಯ ಹುಡುಗ ಎಲ್ಲಿ?" ಗದ್ದಲದಲ್ಲಿ ಹೀಗೆ ಕೂಗಿದ್ದನ್ನು ನಾನೂ ಕೇಳಿದ್ದೇನೆ, ಒಂದು ಕಾಲಕ್ಕೆ ಕೂಗಿದ್ದೇನೆ ಕೂಡ. ಇನ್ನು ಕೂಗುವುದು ಟೋಕನ್ ಸಂಖ್ಯೆ ಮಾತ್ರ. ಓದಲು ಬಾರದವರಿಗೆ ಹತ್ತಿರ ಹೋಗಿ ಹೆಸರು ಹೇಳಿ. ಬೇಸಿಗೆಯಲ್ಲಿ ಸೆಕೆ ಎಂದು ವೈದ್ಯರ ಕೋಣೆಯ ಬಾಗಿಲು ತೆರೆದಿಡುತ್ತೇವೆ, ಆಗ ಒಳಗಿನ ಮಾತು ಬೆಂಚಿನವರೆಗೂ ಕೇಳುತ್ತದೆ. ಪರದೆ ಹಾಕಿಸಲು ಹೇಳಿದ್ದೇನೆ. ಬರುವವರೆಗೆ ಬೆಂಚನ್ನು ಆಚೆ ಸರಿಸಿ.

ಮೊಬೈಲ್

ವೈದ್ಯರಿಗೆ ಎಕ್ಸ್-ರೇ ತುರ್ತಾಗಿ ತೋರಿಸಬೇಕಾದಾಗ ವಾಟ್ಸ್‌ಆ್ಯಪ್ ಇಲ್ಲದೆ ನಡೆಯದು ಎಂಬುದು ನನಗೂ ಗೊತ್ತು. ಫೋಟೊದಲ್ಲಿ ಹೆಸರಿನ ಭಾಗ ಕತ್ತರಿಸಿ, ಟೋಕನ್ ಸಂಖ್ಯೆ ಬರೆದು, ಆ ವೈದ್ಯರೊಬ್ಬರಿಗೇ ಕಳಿಸಿ. ಸಿಬ್ಬಂದಿ ಗುಂಪಿಗೆ ಹಾಕಬೇಡಿ. ಅದರಲ್ಲಿ ಕೆಲಸ ಬಿಟ್ಟುಹೋದ ನಾಲ್ವರು ಈಗಲೂ ಇದ್ದಾರೆ, ಎಣಿಸಿ ನೋಡಿದ್ದೇನೆ. ಪಾಳಿ ಮುಗಿಯುವ ಮುನ್ನ ಗ್ಯಾಲರಿಯಿಂದ ಅಳಿಸಿ, ಇಲ್ಲದಿದ್ದರೆ ಮನೆಯಲ್ಲಿ ಮಗ ಆಟವಾಡಲು ಫೋನ್ ತೆಗೆದುಕೊಂಡಾಗ ಯಾರದೋ ಗಾಯ ಅವನ ಕಣ್ಣಿಗೆ ಬೀಳುತ್ತದೆ. ವಾರ್ಡಿನಲ್ಲಿ ಸೆಲ್ಫಿ, ಹುಟ್ಟಿದ ಮಗುವಿನ ಸ್ಟೇಟಸ್ ಬೇಡವೇ ಬೇಡ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಗೆ ತಂದ ಆಧಾರ್, ರೇಷನ್ ಕಾರ್ಡುಗಳನ್ನು ಆಸ್ಪತ್ರೆಯ ಸ್ಕ್ಯಾನರಿನಲ್ಲೇ ಸ್ಕ್ಯಾನ್ ಮಾಡಿ. ಎದುರಿನ ಜೆರಾಕ್ಸ್ ಅಂಗಡಿಗೆ ವಾಟ್ಸ್‌ಆ್ಯಪ್ ಮಾಡಿ ತರಲು ಹೇಳಬೇಡಿ, ಆ ಫೋನಿನಲ್ಲಿ ಅರ್ಧ ಊರಿನ ಆಧಾರ್ ಕುಳಿತಿರುತ್ತದೆ. ಗುರುತಿಗಷ್ಟೇ ಸಾಕು ಎನ್ನುವ ಕಡೆ ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕು ಮಾತ್ರ ಕಾಣುವ ಆಧಾರ್ ಪ್ರತಿ ಸಾಕು. ಒಟಿಪಿ ಬಂದರೆ ರೋಗಿಯೇ ಒತ್ತಲಿ, ನೀವು ಗಟ್ಟಿಯಾಗಿ ಓದಿ ಹೇಳಬೇಡಿ.

"ಯೋಜನೆಯ ಕಚೇರಿಯಿಂದ ಮಾತನಾಡುತ್ತಿದ್ದೇವೆ, ಈ ತಿಂಗಳ ರೋಗಿಗಳ ಪಟ್ಟಿ ಕಳಿಸಿ" ಎಂದು ಫೋನ್ ಬಂದರೆ ಇಟ್ಟುಬಿಡಿ. ನಿಜವಾದ ಕಚೇರಿ ಪತ್ರ ಕಳಿಸುತ್ತದೆ.

ಕಂಪ್ಯೂಟರ್

ಮಾನಿಟರಿಗೆ ಅಂಟಿಸಿದ ಪಾಸ್‌ವರ್ಡ್ ಚೀಟಿಗಳನ್ನು ಶನಿವಾರ ನಾನೇ ಕಿತ್ತುಹಾಕುತ್ತೇನೆ. ಚಹಾಕ್ಕೆ ಎದ್ದಾಗ Windows + L ಒತ್ತಿ. ನಿಮ್ಮ ಹೆಸರಿನ ಲಾಗಿನ್‌ನಲ್ಲಿ ಬೇರೆಯವರು ನೋಡಿದ ಫೈಲಿಗೂ ಕೇಳುವುದು ನಿಮ್ಮನ್ನೇ. ಪರಿಚಯದವರು ದಾಖಲಾಗಿದ್ದಾರೆಂದು ಕುತೂಹಲಕ್ಕೆ ಫೈಲ್ ತೆರೆಯುವುದೂ ತಪ್ಪೇ.

ಕಾನೂನು, ಬೇಕಾದಷ್ಟೇ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ನಿಯಮಗಳು ಬಂದವು. ಮುಖ್ಯ ಹೊಣೆಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಮಾಹಿತಿಗೆ ತಕ್ಕ ಭದ್ರತೆ ಒದಗಿಸದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಕಾಗದದಲ್ಲಿ ಬರೆದು ಆಮೇಲೆ ಕಂಪ್ಯೂಟರಿಗೆ ಏರಿಸಿದ ವಿವರಕ್ಕೂ ಈ ಕಾಯ್ದೆ ಅನ್ವಯಿಸುತ್ತದೆ.

ಒಪ್ಪಿಗೆ ಕೇಳುವ ತಿಳಿವಳಿಕೆ ಪತ್ರ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಸಿಗಬೇಕು. ನಮ್ಮ ಕೌಂಟರಿಗೆ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕರಲ್ಲೂ ಬೇಕಾಗುತ್ತದೆ. ಕನ್ನಡ, ಉರ್ದು ಪ್ರತಿ ಸಿದ್ಧವಾಗಿದೆ. ಮರಾಠಿ, ತೆಲುಗು ಚೆನ್ನಾಗಿ ಬರೆಯಬಲ್ಲವರು ನಿಮ್ಮಲ್ಲಿದ್ದರೆ ತಿಳಿಸಿ.

ಒಂದು ಎಚ್ಚರಿಕೆ. ಗೋಪ್ಯತೆಯ ಹೆಸರಿನಲ್ಲಿ ರೋಗಿಗೆ ಅವರದೇ ಫೈಲ್ ಕೊಡದೆ ಸತಾಯಿಸಬೇಡಿ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯೇ ಹೇಳಿದೆ.

ತಪ್ಪಾದರೆ

ರಿಪೋರ್ಟ್ ಬೇರೆ ಸಂಖ್ಯೆಗೆ ಹೋಯಿತು ಎಂದುಕೊಳ್ಳಿ. ಮೊದಲು ಎಲ್ಲರಿಗೂ ಅಳಿಸುವ ಆಯ್ಕೆ ಒತ್ತಿ, ಆಮೇಲೆ ಆ ಸಂಖ್ಯೆಗೆ ಫೋನ್ ಮಾಡಿ ಅಳಿಸಲು ವಿನಂತಿಸಿ, ಅದೇ ಗಂಟೆಯಲ್ಲಿ ನನಗೆ ಹೇಳಿ: ಎಷ್ಟು ಹೊತ್ತಿಗೆ, ಯಾರದು, ಏನು, ಎಲ್ಲಿಗೆ. ದತ್ತಾಂಶ ಸೋರಿಕೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸಂಸ್ಥೆ ಸರ್ಟ್-ಇನ್ 2022ರಲ್ಲೇ ಆದೇಶಿಸಿದೆ. ಹೀಗಾಗಿ "ನಾಳೆ ಹೇಳಿದರಾಯಿತು" ಎಂದರೆ ತಡವಾದಂತೆಯೇ. ತಾನಾಗಿ ಬಂದು ಹೇಳಿದವರಿಗೆ ನೋಟಿಸ್ ಕೊಡುವುದಿಲ್ಲ, ಮುಚ್ಚಿಟ್ಟವರಿಗೆ ಕೊಡುತ್ತೇವೆ. ರೋಗಿಯ ಹಣ ಯಾರಾದರೂ ಎಗರಿಸಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿಸಿ, ಅಥವಾ cybercrime.gov.in ನಲ್ಲಿ ದೂರು ಕೊಡಿಸಿ.

ರದ್ದಿ

ಈಗಿನಿಂದ ಹೆಸರಿರುವ ಯಾವ ಹಾಳೆಯೂ ರದ್ದಿಗೆ ಹೋಗುವುದಿಲ್ಲ. ಪ್ರತಿ ಕೌಂಟರಿನ ಕೆಳಗೆ ಬೀಗದ ಡಬ್ಬಿ ಇಟ್ಟಿದೆ, ಹಾಳಾದ ಹಾಳೆಗಳನ್ನು ಅದರಲ್ಲಿ ಹಾಕಿ. ಹಿಂಬದಿ ಖಾಲಿ ಇದೆಯೆಂದು ಚೀಟಿ ಬರೆಯಲು ಹರಿದುಕೊಳ್ಳಬೇಡಿ. ಡಬ್ಬಿಯ ಕೀಲಿ ದಾಖಲೆ ಕೋಣೆಯಲ್ಲಿದೆ. ಪ್ರತಿ ಶುಕ್ರವಾರ ಸಂಜೆ 5ಕ್ಕೆ ಇಬ್ಬರ ಎದುರಿನಲ್ಲಿ ಯಂತ್ರಕ್ಕೆ ಹಾಕಿ ಚೂರು ಮಾಡುತ್ತೇವೆ. ಮೊದಲ ಶುಕ್ರವಾರ ಲ್ಯಾಬಿನಿಂದ ಒಬ್ಬರು, ಬಿಲ್ಲಿಂಗಿನಿಂದ ಒಬ್ಬರು ಬರಬೇಕು.